ಚಾರ್ಜ್ ಆಗುತ್ತೆ, ನಿಲ್ಲುತ್ತೆ, ಮತ್ತೆ ಆಗುತ್ತೆ: ಬೋರ್ಡ್ ಹೋಗಿದೆಯಾ, ಬರೀ ಕಸವಾ?

ರಾಣೇಬೆನ್ನೂರು ಟೀಚರ್

ಎಲ್ಲರಿಗೂ ನಮಸ್ಕಾರ. ನನ್ನ ಫೋನ್ ತಗೊಂಡು ಮೂರು ವರ್ಷ ಆಗ್ತಾ ಬಂತು. ಟೈಪ್ ಸಿ ಪೋರ್ಟ್. ಒಂದು ತಿಂಗಳಿಂದ ಚಾರ್ಜಿಂಗ್ ಆಟ ಆಡಿಸ್ತಿದೆ. ಮೊದಲು ಫಾಸ್ಟ್ ಚಾರ್ಜಿಂಗ್ ಅಂತ ತೋರಿಸೋದು ನಿಂತಿತು, ಬರೀ ಮಾಮೂಲಿ ಚಾರ್ಜಿಂಗ್. ಆಮೇಲೆ ಹಾಕಿದ ಐದು ನಿಮಿಷಕ್ಕೆ ಟಿಣ್ ಅಂತ ಸದ್ದು, ನಿಂತುಹೋಗುತ್ತೆ, ಮತ್ತೆ ಟಿಣ್, ಶುರು. ಕೇಬಲ್ಲನ್ನು ಸ್ವಲ್ಪ ಎಡಕ್ಕೆ ವಾಲಿಸಿ ಕೆಳಗೆ ನೋಟ್‌ಬುಕ್ ಇಟ್ಟರೆ ಆಗುತ್ತೆ. ರಾತ್ರಿ ಹಾಗೇ ಇಟ್ಟು ಮಲಗಿದ್ದೆ, ಬೆಳಿಗ್ಗೆ ಎದ್ದು ನೋಡಿದರೆ 31%. ಹಾಜರಾತಿ ಹಾಕೋದೂ ಅದೇ ಫೋನಲ್ಲಿ.

ಎರಡು ಕೇಬಲ್ ಬದಲಾಯಿಸಿದೆ, ಉಪಯೋಗ ಆಗಲಿಲ್ಲ. ಅಂಗಡಿಗೆ ಹೋದೆ. ಅವರು ತಮ್ಮ ಕೇಬಲ್ ಹಾಕಿ ಎರಡು ಸಲ ಅಲ್ಲಾಡಿಸಿ "ಚಾರ್ಜಿಂಗ್ ಪೋರ್ಟ್ ಇರೋ ಸಿಸಿ ಬೋರ್ಡ್ ಹೋಗಿದೆ ಮೇಡಂ, 1,400 ಆಗುತ್ತೆ" ಅಂದರು. ಪೋರ್ಟ್ ಒಳಗೆ ನೋಡಲೂ ಇಲ್ಲ. ನಾನೇ ಮನೆಗೆ ಬಂದು ಟಾರ್ಚ್ ಬಿಟ್ಟು ನೋಡಿದೆ, ಒಳಗೆ ಕ್ಲೀನಾಗೇ ಇದೆ ಅನಿಸಿತು. ಬೋರ್ಡ್ ಹಾಕಿಸಲಾ, ಬೇರೆ ಏನಾದರೂ ಇದೆಯಾ?

ಗುರು ಪ್ರಸಾದ 77

ಕೇಬಲ್ ಚೇಂಜ್ ಮಾಡಿ ನೋಡಿ ಮೇಡಂ

ಅಕ್ಕಿರೊಟ್ಟಿ

ಎರಡು ಕೇಬಲ್ ಬದಲಾಯಿಸಿದೆ ಅಂತ ಬರೆದಿದ್ದಾರಲ್ಲ ಗುರು, ಓದಿ ಸ್ವಲ್ಪ.

ತುಂಗೆಯ ದಡ

ನನಗೂ ಹೀಗೇ ಆಗಿತ್ತು. ಬಾಯಿಂದ ಜೋರಾಗಿ ಊದಿ. ಪೋರ್ಟ್‌ನಲ್ಲಿ ಧೂಳು ಕೂತಿರುತ್ತೆ, ಊದಿದ ತಕ್ಷಣ ಸರಿ ಹೋಯ್ತು ನನ್ನದು. ದುಡ್ಡು ಕೊಡಬೇಡಿ.

ಬಸ್‌ಸ್ಟ್ಯಾಂಡ್ ಬೆಂಚು

ಹಳೇ ಕ್ಯಾಸೆಟ್ ವಿಡಿಯೋ ಗೇಮ್ ಊದಿದ ಹಾಗೆ 😄

ಶಿವಮೊಗ್ಗ ಸೋಲ್ಡರ್

ಟೀಚರೇ, 1,400 ಕೊಡೋ ಮುಂಚೆ ಎರಡು ನಿಮಿಷ ಇದನ್ನು ಓದಿ. ನಾನು ರಿಪೇರಿ ಬೆಂಚಲ್ಲಿ ಕೂತು ಹದಿನಾಲ್ಕು ವರ್ಷ ಆಯ್ತು. ನೀವು ಹೇಳಿದ ಕ್ರಮ ಇದೆಯಲ್ಲ, ಮೊದಲು ಫಾಸ್ಟ್ ಚಾರ್ಜಿಂಗ್ ಹೋಯ್ತು, ಆಮೇಲೆ ಬಿಟ್ಟು ಬಿಟ್ಟು ಆಗೋಕೆ ಶುರುವಾಯ್ತು, ಈಗ ಕೇಬಲ್ ವಾಲಿಸಬೇಕು ಅಂತ, ಇದು ನೂಲಿನ ಧೂಳಿನ ಕೆಲಸ ಅಂತಲೇ ನನ್ನ ಮೊದಲ ಅನುಮಾನ. ಬೋರ್ಡ್ ಹೋಗಿಲ್ಲ ಅಂತ ಇಲ್ಲಿಂದಲೇ ಗ್ಯಾರಂಟಿ ಕೊಡಲ್ಲ. ಆದರೆ ಮೊದಲು ನೋಡಬೇಕಾದ್ದು ಅದು.

ಟಾರ್ಚ್ ಬಿಟ್ಟರೆ ಕ್ಲೀನಾಗಿ ಕಂಡಿತು ಅಂದಿರಿ. ಎಲ್ಲರೂ ಇಲ್ಲೇ ಮೋಸ ಹೋಗೋದು. ಬ್ಯಾಗಿನ ಎಳೆ, ಜೇಬಿನ ನೂಲು ಒಳಗೆ ಹೋಗುತ್ತೆ. ಪ್ರತಿ ಸಲ ಪ್ಲಗ್ ಹಾಕಿದಾಗ ಅದು ಒರಳಲ್ಲಿ ಒನಕೆ ಕುಟ್ಟಿದ ಹಾಗೆ ಆ ನೂಲನ್ನು ತಳಕ್ಕೆ ಒತ್ತುತ್ತೆ. ದಿನಕ್ಕೆ ಎರಡು ಸಲ ಅಂದರೂ ಮೂರು ವರ್ಷಕ್ಕೆ ಎರಡು ಸಾವಿರ ಕುಟ್ಟು. ಕೊನೆಗೆ ಕಂಬಳಿ ತುಂಡಿನ ಹಾಗೆ ಸಪಾಟಾಗಿ ಗಟ್ಟಿಯಾಗಿ ಕೂತುಬಿಡುತ್ತೆ. ನೀವು "ತಳ" ಅಂತ ನೋಡಿದ್ದೀರಲ್ಲ, ಅದೇ ಕಸ. ನಿಜವಾದ ತಳ ಅದರ ಹಿಂದಿದೆ. ಅದಕ್ಕೇ ಬಾಯಿಂದ ಊದಿದರೆ ಬರಲ್ಲ, ಮೇಲಿನ ಸಡಿಲ ಧೂಳು ಹೋಗುತ್ತೆ ಅಷ್ಟೇ, ಜೊತೆಗೆ ಎಂಜಲು ಒಳಗೆ ಹೋಗುತ್ತೆ.

ಹೇಗೆ ಗೊತ್ತು ಮಾಡಿಕೊಳ್ಳೋದು? ಮೊದಲು ಬ್ಯಾಕ್ ಕವರ್ ತೆಗೆಯಿರಿ. ದಪ್ಪ ಕವರ್ ಇದ್ದರೆ ಪ್ಲಗ್‌ನ ಪ್ಲಾಸ್ಟಿಕ್ ಭಾಗ ಕವರಿಗೆ ತಾಗಿ ಅಲ್ಲೇ ನಿಲ್ಲುತ್ತೆ, ಅದೂ ಒಂದು ಕಾರಣ. ಆಮೇಲೆ ಕೇಬಲ್ ಹಾಕಿ ಪಕ್ಕದಿಂದ ನೋಡಿ, ಪ್ಲಗ್‌ನ ಲೋಹ ಎಷ್ಟು ಹೊರಗೆ ಕಾಣುತ್ತೆ ಅಂತ. ಅದೇ ಕೇಬಲ್ ಮನೆಯಲ್ಲಿರೋ ಇನ್ನೊಂದು ಟೈಪ್ ಸಿ ಫೋನಿಗೆ ಹಾಕಿ ಹೋಲಿಸಿ. ಸರಿ ಇರೋ ಫೋನಲ್ಲಿ ಲೋಹ ಹೆಚ್ಚುಕಡಿಮೆ ಪೂರ್ತಿ ಒಳಗೆ ಹೋಗಿ ಟಕ್ ಅಂತ ಕೂರುತ್ತೆ. ನಿಮ್ಮದರಲ್ಲಿ ಬೆಳ್ಳಿ ಗೆರೆ ಕಂಡರೆ, ಟಕ್ ಅನ್ನದೆ ಮೆತ್ತಗೆ ಹೋಗಿ ನಿಂತರೆ, ಒಳಗೆ ಏನೋ ಅಡ್ಡ ಇದೆ ಅಂತಲೇ ಅರ್ಥ. ಪೂರ್ತಿ ಹೋಗಿ ಕೂತು ಆಮೇಲೂ ಲೂಸ್ ಅನಿಸಿದರೆ ಆಗ ಪೋರ್ಟ್ ಸವೆದಿದೆ ಅಥವಾ ಬೆಸುಗೆ ಬಿಟ್ಟಿದೆ ಅಂತ ಯೋಚನೆ ಮಾಡೋಣ.

ತುಂಗೆಯ ದಡ

ನನ್ನದು ಊದಿದ ಮೇಲೆ ಸರಿ ಹೋಯ್ತು ಅಂದೆನಲ್ಲ ಸಾರ್, ಸುಳ್ಳು ಹೇಳ್ತಿಲ್ಲ.

ಶಿವಮೊಗ್ಗ ಸೋಲ್ಡರ್

ಸುಳ್ಳು ಅಂದಿಲ್ಲ ಅಣ್ಣ. ನಿಮ್ಮದು ಹೊಸ ಧೂಳು, ಇನ್ನೂ ಗಟ್ಟಿ ಆಗಿರಲಿಲ್ಲ. ಎಷ್ಟು ದಿನ ಸರಿ ಇತ್ತು?

ತುಂಗೆಯ ದಡ

ಒಂದು ವಾರ. ಆಮೇಲೆ ಮತ್ತೆ ಊದಿದೆ.

ಅಕ್ಕಿರೊಟ್ಟಿ

😂😂

ಪಿನ್ನು ಪಾಪಣ್ಣ

ಇಷ್ಟೆಲ್ಲ ಪುರಾಣ ಯಾಕೆ? ಸೇಫ್ಟಿ ಪಿನ್ ತಗೊಳ್ಳಿ, ಕೆರೆದು ತೆಗೆಯಿರಿ, ಮುಗೀತು. ಹತ್ತು ವರ್ಷದಿಂದ ನಾನು ಮನೆಯವರೆಲ್ಲರ ಫೋನಿಗೂ ಇದೇ ಮಾಡೋದು. ಏನೂ ಆಗಿಲ್ಲ.

ಶಿವಮೊಗ್ಗ ಸೋಲ್ಡರ್

ಪಾಪಣ್ಣೋರೇ, ನಿಮ್ಮಂಥವರಿಂದಲೇ ನನ್ನ ಅಂಗಡಿ ನಡೀತಿರೋದು, ಬೇಜಾರು ಮಾಡ್ಕೋಬೇಡಿ. ಹತ್ತು ವರ್ಷದ ಹಿಂದಿನ ಫೋನಿನ ಪೋರ್ಟ್ ಬೇರೆ, ಇದು ಬೇರೆ. ಟೈಪ್ ಸಿ ಒಳಗೆ ನೋಡಿ, ನಡುವೆ ನಾಲಿಗೆಯ ಹಾಗೆ ಒಂದು ತೆಳು ಪಟ್ಟಿ ಇದೆ. ಅದರ ಮೇಲೆ ಹನ್ನೆರಡು, ಕೆಳಗೆ ಹನ್ನೆರಡು ಪಿನ್. ಪಟ್ಟಿಯ ದಪ್ಪ ಮುಕ್ಕಾಲು ಮಿಲಿಮೀಟರ್ ಕೂಡ ಇಲ್ಲ. ಮೇಲೆ ಕೆಳಗೆ ಇರೋ ಸಂದು ಒಂದೊಂದು ಮಿಲಿಮೀಟರಿಗಿಂತ ಕಡಿಮೆ. ಅಲ್ಲಿ ಉಕ್ಕಿನ ಪಿನ್ ಹಾಕಿ ಮೀಟಿದರೆ ಕಸದ ಜೊತೆ ಆ ನಾಲಿಗೆಯೂ ಮೇಲೇಳುತ್ತೆ. ಪಿನ್‌ಗಳ ಮೇಲೆ ಚಿನ್ನದ ತೆಳು ಲೇಪ ಇರುತ್ತೆ. ಅದು ಗೀರಿ ಹೋದರೆ ಇವತ್ತು ಚಾರ್ಜ್ ಆಗುತ್ತೆ, ಮುಂದಿನ ಮಳೆಗಾಲಕ್ಕೆ ಕಿಲುಬು ಹಿಡಿಯುತ್ತೆ. ಆಗ ಯಾರೂ ಪಿನ್ನಿನ ಹೆಸರು ಹೇಳಲ್ಲ, "ಕಂಪನಿ ಸರಿಯಿಲ್ಲ" ಅಂತಾರೆ.

ಪಿನ್ನು ಪಾಪಣ್ಣ

ನಂದೂ ಟೈಪ್ ಸಿ ಕಣ್ರೀ. ಎರಡು ವರ್ಷ ಆಯ್ತು. ಕೈ ಹದ ಇರಬೇಕು ಅಷ್ಟೇ.

ವೋಲ್ಟೇಜ್ ವಿಠಲ

ಫೋನ್ ಆಫ್ ಮಾಡದೆ ಪಿನ್ ಹಾಕಿದರೆ ಶಾರ್ಟ್ ಆಗಿ ಬ್ಯಾಟರಿ ಸಿಡಿಯುತ್ತೆ, ಹುಷಾರು ಎಲ್ಲರೂ.

ಕೋಡು ಕೊಡವ

ಸಿಡಿಯುತ್ತೆ ಅನ್ನೋದು ಜಾಸ್ತಿ ಆಯ್ತು ವಿಠಲ್ ಸಾರ್. ಏನೂ ಸಿಕ್ಕಿಸದೆ ಇದ್ದಾಗ ಟೈಪ್ ಸಿ ಪೋರ್ಟ್‌ನ ಕರೆಂಟ್ ಪಿನ್‌ನಲ್ಲಿ ಫೋನ್ 5 ವೋಲ್ಟ್ ಬಿಡಲ್ಲ. ಪೆನ್‌ಡ್ರೈವ್ ಥರ ಏನೋ ಬಂದಿದೆ ಅಂತ ಖಾತ್ರಿ ಆದಮೇಲೆ ಮಾತ್ರ ಬಿಡುತ್ತೆ.

ವೋಲ್ಟೇಜ್ ವಿಠಲ

ಬೇರೆ ಪಿನ್‌ಗಳಲ್ಲಿ ಏನೂ ಇರಲ್ವಾ? ಅದೇನೋ ಬಂದಿದೆ ಅಂತ ಗೊತ್ತಾಗೋಕೆ ಅಲ್ಲಿ ಏನಾದ್ರೂ ಇರಲೇಬೇಕಲ್ಲ.

ಕೋಡು ಕೊಡವ

ಇರುತ್ತೆ, ತೀರಾ ಸಣ್ಣ ಸಿಗ್ನಲ್. ಅದರಿಂದ ಬ್ಯಾಟರಿ ಸಿಡಿಯಲ್ಲ. ಆದರೆ ಎಲ್ಲ ಅಗ್ಗದ ಫೋನುಗಳೂ ನಿಯಮದ ಪ್ರಕಾರವೇ ಮಾಡಿರ್ತಾರೆ ಅಂತ ನಾನು ಹೇಳಲ್ಲ.

ಶಿವಮೊಗ್ಗ ಸೋಲ್ಡರ್

ಆಫ್ ಮಾಡೋಕೆ ಹತ್ತು ಸೆಕೆಂಡ್ ಸಾಕು, ಮಾಡಿ ಮುಗಿಸಿ. ನನ್ನ ತಕರಾರು ಶಾರ್ಟಿನ ಬಗ್ಗೆ ಅಲ್ಲ, ಗೀರಿನ ಬಗ್ಗೆ. ಇನ್ನೊಂದು, ಸಿಮ್ ಟ್ರೇ ತೆಗೆಯೋ ಪಿನ್ ತಗೊಂಡು ಪೋರ್ಟ್ ಪಕ್ಕದ ಸಣ್ಣ ತೂತಿಗೂ ಚುಚ್ಚಿ "ಅಲ್ಲೂ ಕ್ಲೀನ್ ಮಾಡಿದೆ" ಅಂತ ಬರ್ತಾರೆ. ಅದು ಮೈಕ್ ಕಣ್ರಪ್ಪ. ಚಾರ್ಜಿಂಗ್ ಸರಿ ಹೋಗಿರುತ್ತೆ, ಫೋನಲ್ಲಿ ಮಾತಾಡಿದರೆ ಆ ಕಡೆಯವರಿಗೆ ಕೇಳಿಸಲ್ಲ.

ಹಿಟ್ಟಿನ ಗಿರಣಿ

ನನ್ನದೂ ಹೇಳಿಬಿಡ್ತೀನಿ. ನಮ್ಮದು ರಾಗಿ ಗಿರಣಿ, ಹಾಸನ ಕಡೆ. ನನ್ನ ಫೋನಲ್ಲಿ ಬಟ್ಟೆ ನೂಲಲ್ಲ, ಹಿಟ್ಟು. ಹಿಟ್ಟು ಒಣಗಿದ್ದಾಗ ಏನೂ ತೊಂದರೆ ಇರಲಿಲ್ಲ, ತಿಂಗಳಿಗೊಮ್ಮೆ ಬ್ರಶ್‌ನಿಂದ ಉದುರಿಸ್ತಿದ್ದೆ. ಒಂದು ದಿನ ಮಳೆಯಲ್ಲಿ ನೆನೆದುಕೊಂಡು ಬಂದೆ. ಒಳಗಿನ ಹಿಟ್ಟು ಅಂಬಲಿ ಆಯ್ತು, ಆಮೇಲೆ ಒಣಗಿ ಸಿಮೆಂಟ್ ಆಯ್ತು. ಪ್ಲಗ್ ಅರ್ಧವೂ ಹೋಗ್ತಿರಲಿಲ್ಲ. ನಮ್ಮೂರ ಹುಡುಗ ಯಾವುದೋ ಸ್ಪಿರಿಟ್ ಹಾಕಿ ಅರ್ಧ ಗಂಟೆ ಕೆದಕಿದ, ಬರಲಿಲ್ಲ. ಕೊನೆಗೆ ಬೋರ್ಡೇ ಹಾಕಿಸಿದೆ. ಈಗ ಗಿರಣಿ ಒಳಗೆ ಫೋನನ್ನು ಜಿಪ್ ಕವರಲ್ಲಿ ಇಟ್ಟಿರ್ತೀನಿ.

ಬಸ್‌ಸ್ಟ್ಯಾಂಡ್ ಬೆಂಚು

ಜಿಪ್ ಕವರಲ್ಲಿ ರಾಗಿಮುದ್ದೆ ಫೋನ್ 🙏

ರಾಣೇಬೆನ್ನೂರು ಟೀಚರ್

ಶಿವಮೊಗ್ಗ ಸಾರ್, ಹೋಲಿಸಿ ನೋಡಿದೆ. ನಮ್ಮನೆಯವರ ಫೋನಿಗೆ ಅದೇ ಕೇಬಲ್ ಟಕ್ ಅಂತ ಪೂರ್ತಿ ಹೋಗುತ್ತೆ, ಲೋಹ ಕಾಣೋದೇ ಇಲ್ಲ. ನನ್ನದರಲ್ಲಿ ಕವರ್ ತೆಗೆದರೂ ಬೆಳ್ಳಿ ಗೆರೆ ಕಾಣುತ್ತೆ. ಒಂದು ರೂಪಾಯಿ ನಾಣ್ಯದ ದಪ್ಪಕ್ಕಿಂತ ಸ್ವಲ್ಪ ಕಡಿಮೆ, ಒಂದು ಮಿಲಿಮೀಟರ್ ಇರಬಹುದು. ಟಕ್ ಅನ್ನೋದೂ ಇಲ್ಲ. ಕೇವಲ ಒಂದು ಮಿಲಿಮೀಟರಿಗೆ ಇಷ್ಟು ಗಲಾಟೆಯಾ? ಬಾಕಿಯೆಲ್ಲ ಒಳಗೇ ಇದೆಯಲ್ಲ?

ಅಂದಹಾಗೆ ನಾನು ಫೋನ್ ಇಡೋದು ಹತ್ತಿ ಬಟ್ಟೆಯ ಜೋಳಿಗೆ ಚೀಲದಲ್ಲಿ. ಅದರಲ್ಲೇ ಚಾಕ್‌ಪೀಸ್ ಡಬ್ಬಿ ಕೂಡ. ಬೈಯಬೇಡಿ.

ಶಿವಮೊಗ್ಗ ಸೋಲ್ಡರ್

ಅಯ್ಯೋ ಚಾಕ್‌ಪೀಸ್ ಬೇರೆ! ಸರಿ ಸರಿ, ಬೈಯಲ್ಲ.

ಒಂದು ಮಿಲಿಮೀಟರ್ ಸಾಕು ಟೀಚರೇ, ಯಾಕೆ ಅಂತ ಹೇಳ್ತೀನಿ. ಆ ನಾಲಿಗೆ ಮೇಲಿನ ಪಿನ್‌ಗಳು ಎಲ್ಲಾ ಒಂದೇ ಉದ್ದ ಇಲ್ಲ. ಕರೆಂಟ್ ಮತ್ತು ಗ್ರೌಂಡ್ ಪಿನ್‌ಗಳು ಸ್ವಲ್ಪ ಮುಂದಕ್ಕೆ ಚಾಚಿಕೊಂಡಿರುತ್ತವೆ, ಪ್ಲಗ್ ಒಳಗೆ ಬರ್ತಿದ್ದ ಹಾಗೆ ಅವು ಮೊದಲು ತಾಗುತ್ತವೆ. ಮಾತುಕತೆ ನಡೆಸೋ ಪಿನ್‌ಗಳು, ಅಂದರೆ ಫೋನ್ ಮತ್ತು ಚಾರ್ಜರ್ "ನೀನು ಯಾರು, ಎಷ್ಟು ಕೊಡಲಿ" ಅಂತ ಕೇಳಿಕೊಳ್ಳೋವು, ಹಿಂದಕ್ಕಿರುತ್ತವೆ. ಅವು ಕೊನೆಗೆ ತಾಗುತ್ತವೆ, ಪ್ಲಗ್ ಹೊರಗೆ ಸರಿದರೆ ಮೊದಲು ಬಿಡುತ್ತವೆ. ಬೇಕಂತಲೇ ಹಾಗೆ ಮಾಡಿರೋದು. ಈಗ ತಳದಲ್ಲಿ ನೂಲಿನ ಗೋಡೆ ಇದ್ದರೆ ಪ್ಲಗ್ ಪೂರ್ತಿ ಹೋಗಲ್ಲ. ಕರೆಂಟ್ ಪಿನ್ ಹೇಗೋ ತಾಗಿದೆ, ಮಾತುಕತೆ ಪಿನ್ ಅಂಚಲ್ಲಿ ತೂಗಾಡ್ತಿದೆ. ಮೊದಲು ಫಾಸ್ಟ್ ಚಾರ್ಜಿಂಗ್ ಹೋಗೋದು ಅದಕ್ಕೇ. ಆಮೇಲೆ ನೀವು ಮಗ್ಗುಲು ಬದಲಾಯಿಸಿ ಮಂಚ ಅಲ್ಲಾಡಿದರೂ ಸಂಪರ್ಕ ತಪ್ಪುತ್ತೆ, ಮತ್ತೆ ತಾಗುತ್ತೆ. ಟಿಣ್ ಟಿಣ್ ಅನ್ನೋದು ಅದೇ.

ಎರಡೂ ತುದಿ ಸಿ ಇರೋ ಕೇಬಲ್ ಮತ್ತು ಅದರ ಚಾರ್ಜರ್ ಬಳಸಿದರೆ ಇದು ಇನ್ನೂ ಜಾಸ್ತಿ ಕಾಣುತ್ತೆ. ಸಿ ಚಾರ್ಜರ್‌ಗೆ ಆ ಸಣ್ಣ ಪಿನ್ ಮೂಲಕ "ಫೋನ್ ಇಲ್ಲಿದೆ" ಅಂತ ಸುದ್ದಿ ಬರೋವರೆಗೂ ಅದು ಕರೆಂಟೇ ಬಿಡಲ್ಲ. ಹಳೇ ಅಗಲ ತೂತಿನ ಚಾರ್ಜರ್ ಯಾರು ಬಂದರೂ ಬರದಿದ್ದರೂ 5 ವೋಲ್ಟ್ ಬಿಟ್ಟುಕೊಂಡು ಕೂತಿರುತ್ತೆ. "ಹಳೇ ಚಾರ್ಜರಲ್ಲಿ ನಿಧಾನಕ್ಕಾದರೂ ಆಗುತ್ತೆ, ಹೊಸದರಲ್ಲಿ ಆಗೋದೇ ಇಲ್ಲ" ಅಂತ ಯಾರಾದರೂ ಬಂದರೆ ನಾನು ಚಾರ್ಜರ್ ನೋಡೋ ಮುಂಚೆ ಪೋರ್ಟ್ ನೋಡ್ತೀನಿ.

ಕುಡ್ಲದ ಮರಕಾಲ

ಇಲ್ಲಿ ಮಂಗಳೂರಲ್ಲಿ ಇನ್ನೊಂದು ರಗಳೆ. ಮಳೆಗಾಲ ಬಂದರೆ ಪೋರ್ಟ್‌ನಲ್ಲಿ ತೇವ ಇದೆ ಅಂತ ಹಳದಿ ತ್ರಿಕೋನ ತೋರಿಸಿ ಚಾರ್ಜೇ ತಗೊಳ್ಳಲ್ಲ. ಎರಡು ದಿನ ಒಣಗಿಸಿದೆ, ಫ್ಯಾನ್ ಕೆಳಗೆ ಇಟ್ಟೆ, ಮತ್ತೆ ಅದೇ. ಆಮೇಲೆ ಅಂಗಡಿಯವರು ಒಳಗಿಂದ ಬೂದು ಬಣ್ಣದ ಉಂಡೆ ತೆಗೆದರು. ಆ ಉಂಡೆಯೇ ಬೆವರು, ತೇವ ಎಲ್ಲ ಹೀರಿ ಇಟ್ಟುಕೊಂಡಿತ್ತಂತೆ. ಅದು ಹೋದ ಮೇಲೆ ತ್ರಿಕೋನ ಬಂದಿಲ್ಲ ಇವತ್ತಿಗೂ.

ಗುರು ಪ್ರಸಾದ 77

ತೇವ ಇದ್ದರೆ ಅಕ್ಕಿ ಡಬ್ಬಿಯಲ್ಲಿ ಇಡಿ ಸಾರ್. ನಾನು ಯಾವಾಗಲೂ ಅದೇ ಮಾಡೋದು.

ಕುಡ್ಲದ ಮರಕಾಲ

ಇಟ್ಟಿದ್ದೆ ಮಾರಾಯ್ರೇ. ಅಕ್ಕಿಯ ನುಚ್ಚು ಒಂದು ಕಾಳು ಒಳಗೆ ಸಿಕ್ಕಿಕೊಂಡು ಅದನ್ನು ತೆಗೆಯೋದೇ ಬೇರೆ ಕತೆ ಆಯ್ತು.

ಅಕ್ಕಿರೊಟ್ಟಿ

ಅಕ್ಕಿಗೆ ಅವಮಾನ ಮಾಡಬೇಡಿ, ಅದಕ್ಕೆ ಬೇರೆ ಒಳ್ಳೆ ಉಪಯೋಗ ಇದೆ.

ನೇತ್ರಾವತಿ ನೆನಪು

ನನ್ನ ಐಫೋನ್‌ಗೂ ಇದೇ ಸಮಸ್ಯೆ, ನಾಲಿಗೆ ಎಲ್ಲಿದೆ ಅಂತ ಹುಡುಕಿ ಹುಡುಕಿ ಸಾಕಾಯ್ತು. ಯಾವ ಕಡೆ ಕಡ್ಡಿ ಹಾಕಬೇಕು?

ಶಿವಮೊಗ್ಗ ಸೋಲ್ಡರ್

ಯಾವ ಐಫೋನ್? 15ಕ್ಕಿಂತ ಹಳೇದಾದರೆ ಅದು ಟೈಪ್ ಸಿ ಅಲ್ಲ, ಲೈಟ್ನಿಂಗ್. ಅದರಲ್ಲಿ ನಾಲಿಗೆ ಪ್ಲಗ್‌ನಲ್ಲೇ ಇದೆ, ಪೋರ್ಟ್ ಬರೀ ಪೊಳ್ಳು. ಕಸ ತೆಗೆಯೋಕೆ ಜಾಗ ಜಾಸ್ತಿ, ಆದರೆ ಒಳಗೆ ಒಂದು ಬದಿಯಲ್ಲಿ ಸ್ಪ್ರಿಂಗ್ ಪಿನ್‌ಗಳ ಸಾಲಿದೆ, ಆ ಕಡೆ ಕೆರೆಯಬೇಡಿ. ತಳದಿಂದ ಹೊರಕ್ಕೆ ಎಳೆಯಿರಿ.

ನೇತ್ರಾವತಿ ನೆನಪು

11. ಅಂದರೆ ನಾಲಿಗೆ ಇಲ್ಲವೇ ಇಲ್ಲ! ಅರ್ಧ ಗಂಟೆ ಹೋಯ್ತು ನಂದು.

ರಾಣೇಬೆನ್ನೂರು ಟೀಚರ್

ಸಾರ್, ಹಾಗಾದರೆ ಕಸ ತೆಗೆಯೋದು ಹೇಗೆ ಅಂತ ಬಿಡಿಸಿ ಹೇಳಿ. ಟೂತ್‌ಪಿಕ್ ತಂದಿದ್ದೀನಿ, ಅದು ಒಳಗೇ ಹೋಗ್ತಿಲ್ಲ.

ಶಿವಮೊಗ್ಗ ಸೋಲ್ಡರ್

ಹೋಗಲ್ಲ, ಅದು ಎರಡು ಮಿಲಿಮೀಟರ್ ದಪ್ಪ. ತುದಿ ಮಾತ್ರ ಹೋಗುತ್ತೆ, ಒತ್ತಿದರೆ ಮುರಿದು ಒಳಗೇ ಉಳಿಯುತ್ತೆ. ನಾನು ಮನೆಯವರಿಗೆ ಹೇಳೋದು ಊದುಬತ್ತಿ ಕಡ್ಡಿ. ಉರಿದು ಮುಗಿದ ಮೇಲೆ ಕೆಳಗೆ ಉಳಿಯುತ್ತಲ್ಲ ಬಿದಿರಿನ ತುಂಡು, ಅದು. ಬಣ್ಣ ಹಚ್ಚಿದ್ದರೆ ಕೆರೆದು ತೆಗೆಯಿರಿ. ಬ್ಲೇಡಿನಿಂದ ತುದಿಯ ಒಂದು ಸೆಂಟಿಮೀಟರ್ ಭಾಗವನ್ನು ಎರಡೂ ಕಡೆಯಿಂದ ಹೆರೆದು ಚಪ್ಪಟೆ ಮಾಡಿ, ಅರ್ಧ ಮಿಲಿಮೀಟರ್ ಆಗಬೇಕು, ಪೋಸ್ಟ್‌ಕಾರ್ಡ್ ಎರಡು ಸೇರಿಸಿದರೆ ಎಷ್ಟೋ ಅಷ್ಟು. ತುದಿ ಚೂಪು ಬೇಡ, ಸಣ್ಣ ಉಳಿಯ ಹಾಗಿರಲಿ. ಬಿದಿರಿನ ನಾರು ಉದ್ದಕ್ಕೆ ಇರೋದರಿಂದ ಬಾಗುತ್ತೆ, ಪಟ್ ಅಂತ ಮುರಿಯಲ್ಲ.

ಫೋನ್ ಆಫ್ ಮಾಡಿ. ಪೋರ್ಟ್ ಬಾಯಿ ಕೆಳಗೆ ಇರೋ ಹಾಗೆ ಹಿಡಿಯಿರಿ, ಬಿಡಿಸಿದ್ದು ಕೆಳಗೆ ಬೀಳಲಿ. ಕಡ್ಡಿಯನ್ನು ನಾಲಿಗೆಗೆ ತಾಗಿಸದೆ ಹೊರಗಿನ ಲೋಹದ ಗೋಡೆಗೆ ಒತ್ತಿಕೊಂಡು ಒಳಗೆ ಬಿಡಿ. ನೇರ ನಡುವಿಗೆ ಹೋಗಬೇಡಿ, ಎಡ ಬಲ ಮೂಲೆಯಿಂದ ಶುರು ಮಾಡಿ. ತಳ ಮುಟ್ಟಿದಾಗ ಮೆತ್ತಗೆ ಅನಿಸಿದರೆ ಅದು ನೂಲು. ಗಟ್ಟಿಯಾಗಿ ಟಕ ಟಕ ಅಂದರೆ ನಿಜವಾದ ತಳ. ಮೆತ್ತಗಿರೋದರ ಅಂಚಿಗೆ ತುದಿ ಸಿಕ್ಕಿಸಿ ಹೊರಕ್ಕೆ ಎಳೆಯಿರಿ, ತೆಂಗಿನಕಾಯಿ ಕರಟದಿಂದ ಕೊಬ್ಬರಿ ಎಬ್ಬಿಸೋ ಹಾಗೆ ಮೀಟಬೇಡಿ. ಚುಚ್ಚಬೇಡಿ, ಚುಚ್ಚಿದರೆ ಇನ್ನೂ ಗಟ್ಟಿಯಾಗಿ ಕೂರುತ್ತೆ. ಐದಾರು ಸಲ ಎಳೆದರೆ ಒಂದು ಮೂಲೆ ಎದ್ದು ಬರುತ್ತೆ, ಆಮೇಲೆ ಉಳಿದದ್ದು ಚಾಪೆ ಸುತ್ತಿದ ಹಾಗೆ ಬರುತ್ತೆ. ಅದೇ ರೀತಿ ನಾಲಿಗೆಯ ಇನ್ನೊಂದು ಬದಿ.

ಒಂದು ಎಚ್ಚರಿಕೆ. ಒಳಗೆ ಪಿನ್ ಕಪ್ಪಾಗಿದ್ದರೆ, ಹಸಿರು ಬಣ್ಣ ಕಂಡರೆ, ನಾಲಿಗೆ ವಾಲಿದ್ದರೆ, ಅಥವಾ ಚಾರ್ಜ್ ಹಾಕಿದಾಗ ಪ್ಲಗ್ ಕೈ ಸುಡುವಷ್ಟು ಬಿಸಿಯಾಗ್ತಿದ್ದರೆ ಕಡ್ಡಿ ಕೆಳಗಿಡಿ, ಚಾರ್ಜ್‌ಗೂ ಹಾಕಬೇಡಿ. ಸಡಿಲ ಸಂಪರ್ಕದಲ್ಲಿ ಜಾಸ್ತಿ ಕರೆಂಟ್ ಹರಿದರೆ ಅಲ್ಲೇ ಬಿಸಿ ಹುಟ್ಟುತ್ತೆ. 3 ಆಂಪಿಯರ್ ಹೋಗ್ತಿದ್ದು ಆ ಜಾಗದಲ್ಲಿ ಒಂದು ಓಮ್‌ನ ಹತ್ತರಲ್ಲೊಂದು ಭಾಗ ಅಡ್ಡಿ ಇದ್ದರೂ 0.9 ವ್ಯಾಟ್ ಬಿಸಿ. ಕಡಿಮೆ ಅನಿಸುತ್ತೆ, ಆದರೆ ಅದು ಕೂತಿರೋದು ಸಾಸಿವೆ ಕಾಳಿನಷ್ಟು ಜಾಗದಲ್ಲಿ. ನೀವು ನೋಟ್‌ಬುಕ್ ಇಟ್ಟು ವಾಲಿಸಿ ರಾತ್ರಿಯಿಡೀ ಬಿಡ್ತಿದ್ದೀರಲ್ಲ, ಅದನ್ನು ಇವತ್ತಿನಿಂದಲೇ ನಿಲ್ಲಿಸಿ.

ಪಿನ್ನು ಪಾಪಣ್ಣ

ಊದುಬತ್ತಿ ಕಡ್ಡಿ ಹೆರೆದು ಕೂರೋಷ್ಟರಲ್ಲಿ ನಾನು ಮೂರು ಫೋನ್ ಕ್ಲೀನ್ ಮಾಡಿರ್ತೀನಿ.

ಹಿಟ್ಟಿನ ಗಿರಣಿ

ಪೊರಕೆ ಕಡ್ಡಿ ಆಗಲ್ವಾ ಸಾರ್? ತೆಂಗಿನ ಗರಿದು. ತುದಿ ತಾನಾಗೇ ಸಣ್ಣ ಇರುತ್ತೆ.

ಶಿವಮೊಗ್ಗ ಸೋಲ್ಡರ್

ಸಡಿಲ ಧೂಳಿಗೆ ಆಗುತ್ತೆ. ಗಟ್ಟಿ ಕೂತಿದ್ದಕ್ಕೆ ತುದಿ ಬಗ್ಗಿ ಹೋಗುತ್ತೆ. ಮತ್ತೆ ದಯವಿಟ್ಟು ಹೊಸ ಕಡ್ಡಿ, ಅಂಗಳ ಗುಡಿಸಿದ್ದಲ್ಲ.

ಕೋಡು ಕೊಡವ

ಗಾಳಿ ಡಬ್ಬಿ ಬರುತ್ತಲ್ಲ, ಕಂಪ್ಯೂಟರ್ ಕೀಬೋರ್ಡಿಗೆ ಹೊಡೆಯೋದು? ನಾನು ಅದನ್ನೇ ಬಳಸೋದು, ಏನೂ ಒಳಗೆ ಹಾಕಬೇಕಾಗಿಲ್ಲ.

ಶಿವಮೊಗ್ಗ ಸೋಲ್ಡರ್

ಕಡ್ಡಿಯಿಂದ ಸಡಿಲ ಮಾಡಿದ ಮೇಲೆ ಹೊಡೆದರೆ ಒಳ್ಳೇದು. ಮೊದಲೇ ಹೊಡೆದರೆ ಉಂಡೆ ಇನ್ನೂ ಒಳಗೆ ಕೂರಬಹುದು. ಡಬ್ಬಿ ಓರೆ ಮಾಡಿದರೆ ಅದರ ದ್ರವವೇ ಹಿಮದ ಹಾಗೆ ಬರುತ್ತೆ, ನೆಟ್ಟಗೆ ಹಿಡಿಯಿರಿ. ಹಾಗೇ ಇನ್ನೊಂದು, ಸೈಕಲ್ ಚೈನಿಗೆ ಹೊಡೆಯೋ ಎಣ್ಣೆ ಸ್ಪ್ರೇ ಪೋರ್ಟ್‌ಗೆ ಹೊಡೆದು ಬರ್ತಾರೆ ಕೆಲವರು. ಅದರ ಜಿಡ್ಡು ಉಳಿದು ಮುಂದಿನ ಧೂಳನ್ನೆಲ್ಲ ಹಿಡಿದು ಕೂರಿಸಿಕೊಳ್ಳುತ್ತೆ.

ತುಂಗೆಯ ದಡ

ಸ್ಯಾನಿಟೈಸರ್? ಕೊರೋನಾ ಟೈಮಿಂದು ಇನ್ನೂ ಅರ್ಧ ಕ್ಯಾನ್ ಇದೆ.

ಶಿವಮೊಗ್ಗ ಸೋಲ್ಡರ್

ಬೇಡ ಅಣ್ಣ. ಅದರಲ್ಲಿ ನೀರಿದೆ, ಗ್ಲಿಸರಿನ್ ಇದೆ. ಆ ಕ್ಯಾನ್ ಕೈಗೇ ಇಟ್ಟುಕೊಳ್ಳಿ.

ಬಸ್‌ಸ್ಟ್ಯಾಂಡ್ ಬೆಂಚು

ಮ್ಯಾಗ್ನೆಟ್ ತುದಿ ಬರುತ್ತಲ್ಲ, ಪೋರ್ಟ್‌ನಲ್ಲೇ ಸಣ್ಣ ತುಂಡು ಸಿಕ್ಕಿಸಿ ಬಿಡೋದು, ಕೇಬಲ್ ಹತ್ತಿರ ತಂದರೆ ಅಂಟಿಕೊಳ್ಳುತ್ತೆ. ಧೂಳೇ ಹೋಗಲ್ಲ. ನಾನು ಒಂದು ವರ್ಷದಿಂದ ಬಳಸ್ತಿದ್ದೀನಿ, ಸೂಪರ್.

ಕೋಡು ಕೊಡವ

ಆ ಅಗ್ಗದ ತುದಿಗಳಲ್ಲಿ ಫಾಸ್ಟ್ ಚಾರ್ಜಿಂಗ್ ಬರಲ್ಲ ಎಷ್ಟೋ ಸಲ. ಮ್ಯಾಗ್ನೆಟ್‌ಗೆ ಕಬ್ಬಿಣದ ಪುಡಿ ಅಂಟಿಕೊಂಡರೆ ಏನು ಮಾಡ್ತೀರಿ?

ಬಸ್‌ಸ್ಟ್ಯಾಂಡ್ ಬೆಂಚು

ನಾನೇನು ಲೇತ್ ಮೆಷಿನ್ ಮೇಲೆ ಮಲಗ್ತೀನಾ?

ವೋಲ್ಟೇಜ್ ವಿಠಲ

ನಾನು ಲೇತಲ್ಲೇ ಕೆಲಸ ಮಾಡೋದು, ಕೊಡವ ಸಾರ್ ಹೇಳಿದ್ದು ನಿಜ. ನನ್ನ ಫೋನಿನ ಸ್ಪೀಕರ್ ಜಾಲರಿಗೆಲ್ಲ ಕಬ್ಬಿಣದ ಪುಡಿ ಮೀಸೆ ಬಂದಿದೆ.

ರಾಣೇಬೆನ್ನೂರು ಟೀಚರ್

ಬಂತು!!!

ನಿನ್ನೆ ರಾತ್ರಿ ಒಂಬತ್ತೂವರೆಗೆ ಕೂತೆ, ಹತ್ತೂಕಾಲಿಗೆ ಎದ್ದೆ. ಊದುಬತ್ತಿ ಕಡ್ಡಿ ಮೂರು ಹೆರೆದೆ, ಮೊದಲ ಎರಡು ದಪ್ಪ ಆಯ್ತು. ಮಗ ಟಾರ್ಚ್ ಹಿಡಿದ. ಎಡ ಮೂಲೆಯಲ್ಲಿ ಮೆತ್ತಗೆ ಸಿಕ್ಕಿತು, ಎಳೆದರೆ ಬರೀ ಎರಡು ಎಳೆ ಬಂತು, ನೀಲಿ ಬಣ್ಣದ್ದು. ಅದು ನನ್ನ ಜೋಳಿಗೆ ಒಳಗಿನ ಬಟ್ಟೆ ಬಣ್ಣ! ಎಂಟು ಹತ್ತು ಸಲ ಎಳೆದ ಮೇಲೆ ಸರಕ್ ಅಂತ ಒಂದು ಪಟ್ಟಿಯೇ ಬಂತು. ಬೂದು ಬಣ್ಣ, ನಡುವೆ ಬಿಳಿ ಪುಡಿ. ಒಂದು ಕಡೆ ಅಚ್ಚು ಹಾಕಿದ ಹಾಗೆ ನುಣ್ಣಗೆ, ಪ್ಲಗ್‌ನ ತುದಿಯ ಆಕಾರವೇ ಮೂಡಿತ್ತು. ಇನ್ನೊಂದು ಬದಿಯಿಂದ ಇನ್ನೊಂದು ತುಂಡು. ಎಲ್ಲ ಸೇರಿಸಿದರೆ ಮೂರ್ನಾಲ್ಕು ಸಾಸಿವೆ ಕಾಳಿನಷ್ಟು ಅಷ್ಟೇ. ಇಷ್ಟಕ್ಕೆ ಒಂದು ತಿಂಗಳು ನಿದ್ದೆ ಕೆಡಿಸಿಕೊಂಡೆ.

ಪ್ಲಗ್ ಹಾಕಿದೆ, ಟಕ್! ಬೆಳ್ಳಿ ಗೆರೆ ಮಾಯ. ಫಾಸ್ಟ್ ಚಾರ್ಜಿಂಗ್ ವಾಪಸ್ ಬಂತು, 18ರಿಂದ 100 ಆಗೋವರೆಗೂ ಒಂದು ಸಲವೂ ಟಿಣ್ ಅನ್ನಲಿಲ್ಲ.

ಅಕ್ಕಿರೊಟ್ಟಿ

ಫೋಟೋ ಹಾಕಿ ಟೀಚರ್!!

ರಾಣೇಬೆನ್ನೂರು ಟೀಚರ್

ಮಗ ಅದನ್ನು ಸ್ಕೂಲಿಗೆ ತಗೊಂಡು ಹೋಗಿದ್ದಾನೆ ತೋರಿಸೋಕೆ. ಏನು ಹೇಳೋದು.

ಆದರೆ ಸಾರ್, ಒಂದು ಉಳಿದಿದೆ. ಮನೆಯವರ ಹೊಸ ಚಾರ್ಜರ್, ಎರಡೂ ಕಡೆ ಸಿ ಇರೋದು, ಅದನ್ನು ಹಾಕಿದರೆ ಒಂದು ಮಗ್ಗುಲಿಗೆ ಚಾರ್ಜ್ ಆಗುತ್ತೆ, ಪ್ಲಗ್ ತಿರುಗಿಸಿ ಹಾಕಿದರೆ ಆಗೋದೇ ಇಲ್ಲ. ನನ್ನ ಹಳೇ ಚಾರ್ಜರಲ್ಲಿ ಎರಡೂ ಕಡೆ ಆಗುತ್ತೆ.

ಗುರು ಪ್ರಸಾದ 77

ಆ ಕೇಬಲ್ ಚೇಂಜ್ ಮಾಡಿ ನೋಡಿ ಮೇಡಂ

ಶಿವಮೊಗ್ಗ ಸೋಲ್ಡರ್

ಗುರು ಈ ಸಲ ಸರಿಯಾದ ಪ್ರಶ್ನೆ ಕೇಳಿದ್ದಾರೆ, ನಗಬೇಡಿ. ಟೀಚರೇ, ಅದೇ ಕೇಬಲ್ ಮನೆಯವರ ಫೋನಿಗೆ ಎರಡೂ ಮಗ್ಗುಲಿಗೆ ಹಾಕಿ ನೋಡಿದಿರಾ?

ರಾಣೇಬೆನ್ನೂರು ಟೀಚರ್

ಈಗ ನೋಡಿದೆ. ಅವರ ಫೋನಲ್ಲಿ ಎರಡೂ ಕಡೆ ಆಗುತ್ತೆ.

ಶಿವಮೊಗ್ಗ ಸೋಲ್ಡರ್

ಹಾಗಾದರೆ ಕೇಬಲ್ ಅಲ್ಲ, ನಿಮ್ಮ ಪೋರ್ಟೇ. "ಫೋನ್ ಇಲ್ಲಿದೆ" ಅಂತ ಹೇಳೋ ಸಣ್ಣ ಪಿನ್ ನಾಲಿಗೆಯ ಮೇಲೊಂದು, ಕೆಳಗೊಂದು ಇದೆ. ಕೇಬಲ್‌ನಲ್ಲಿ ಆ ತಂತಿ ಒಂದೇ. ನೀವು ಪ್ಲಗ್ ಹೇಗೆ ಹಾಕ್ತೀರೋ ಅದರ ಮೇಲೆ ಮೇಲಿನದು ಅಥವಾ ಕೆಳಗಿನದು ಉಪಯೋಗಕ್ಕೆ ಬರುತ್ತೆ. ನಿಮ್ಮದರಲ್ಲಿ ಎರಡರಲ್ಲಿ ಒಂದು ತಾಗ್ತಿಲ್ಲ. ಹಳೇ ಚಾರ್ಜರ್ ಅದನ್ನು ಕಾಯಲ್ಲವಾದ್ದರಿಂದ ನಿಮಗೆ ಅಲ್ಲಿ ಗೊತ್ತಾಗ್ತಿಲ್ಲ.

ಎರಡು ಸಾಧ್ಯತೆ. ಒಂದು, ಚಾಕ್ ಪುಡಿ ಪಿನ್ ಮೇಲೆ ತೆಳುವಾಗಿ ಅಂಟಿಕೊಂಡಿದೆ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ 99% ಐಸೋಪ್ರೊಪೈಲ್ ಆಲ್ಕೋಹಾಲ್ ಸಿಗುತ್ತೆ. ಮಕ್ಕಳ ಪೇಂಟ್ ಬ್ರಶ್ಶಿನ ಕೂದಲು ಗಿಡ್ಡ ಕತ್ತರಿಸಿ, ಒಂದು ತೊಟ್ಟು ಅದ್ದಿ, ನಾಲಿಗೆಯ ಎರಡೂ ಮುಖಕ್ಕೆ ಒಳಗಿಂದ ಹೊರಕ್ಕೆ ಎಳೆಯಿರಿ, ಇಪ್ಪತ್ತು ನಿಮಿಷ ಒಣಗಲಿ. ಎರಡು, ಪಿನ್ನೇ ಸವೆದಿದೆ ಅಥವಾ ಸುಟ್ಟಿದೆ. ಒಂದು ತಿಂಗಳು ವಾಲಿಸಿ ವಾಲಿಸಿ ಹಾಕಿದ್ದೀರಿ, ಅದೂ ಆಗಿರಬಹುದು. ಆಗ ಬೋರ್ಡೇ ಗತಿ. ಆದರೆ ಹಳೇ ಚಾರ್ಜರಲ್ಲಿ ತಣ್ಣಗೆ ಆಗ್ತಿದ್ದರೆ ಅವಸರ ಏನಿಲ್ಲ.

ಪಿನ್ನು ಪಾಪಣ್ಣ

ಊದುಬತ್ತಿ ಕಡ್ಡಿಯಿಂದಲೂ ಪಿನ್ ಹಾಳಾಗುತ್ತೆ ಅಂತಾಯ್ತು 😏

ರಾಣೇಬೆನ್ನೂರು ಟೀಚರ್

ಪಾಪಣ್ಣೋರೇ, ಹೊಸ ಚಾರ್ಜರಿಗೆ ಮೊದಲಿಂದಲೂ ತೊಂದರೆ ಇತ್ತು. ಆಗ ಎರಡೂ ಕಡೆ ಆಗ್ತಿರಲಿಲ್ಲ, ಈಗ ಒಂದು ಕಡೆಯಾದರೂ ಆಗ್ತಿದೆ. ಲೆಕ್ಕದಲ್ಲಿ ನಾನೇ ಲಾಭದಲ್ಲಿದ್ದೀನಿ. ಶನಿವಾರ ಪೇಟೆಗೆ ಹೋಗಿ ಆ ಆಲ್ಕೋಹಾಲ್ ತರ್ತೀನಿ. ಆ ಅಂಗಡಿಗೂ ಹೋಗಿ ಬರ್ತೀನಿ, ಉಂಡೆ ತೋರಿಸೋಕೆ.

ಅಕ್ಕಿರೊಟ್ಟಿ

ಉಂಡೆ ಮಗನ ಹತ್ತಿರ ಇದೆ ಅಂದಿರಲ್ಲ?

ರಾಣೇಬೆನ್ನೂರು ಟೀಚರ್

ಕಂಪಾಸ್ ಬಾಕ್ಸಲ್ಲಿ ವಾಪಸ್ ಬಂದಿದೆ. ಅರ್ಧ ಕಳೆದುಹೋಗಿದೆ.

ನೇತ್ರಾವತಿ ನೆನಪು

ನನ್ನ 11ರಿಂದಲೂ ಬಂತು ಸಾರ್! ಆದರೆ ಕೆಂಪು ಬಣ್ಣ. ನನ್ನ ಹತ್ತಿರ ಕೆಂಪು ಬಟ್ಟೆಯೇ ಇಲ್ಲ. ಇದು ಯಾರದು?

ಬಸ್‌ಸ್ಟ್ಯಾಂಡ್ ಬೆಂಚು

ಸೆಕೆಂಡ್ ಹ್ಯಾಂಡ್ ತಗೊಂಡಿದ್ರಾ?

ನೇತ್ರಾವತಿ ನೆನಪು

ಹೌದು.